ಬಹುಮಾನದ ಮೆಸೇಜು ಬಂದರೆ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಕಳೆದ ವಾರ ಏಳನೇ ತರಗತಿಯ ಹುಡುಗಿಯೊಬ್ಬಳು ಅಮ್ಮನ ಫೋನ್ ಹಿಡಿದುಕೊಂಡು ನನ್ನ ಕೋಣೆಗೆ ಬಂದಳು. ಅವಳ ಅಮ್ಮ ಇಲ್ಲೇ ಸಯನ್‌ನಲ್ಲಿ ಮನೆಗೆಲಸ ಮಾಡುತ್ತಾರೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ವಾಟ್ಸಾಪ್‌ನಲ್ಲಿ ಅವರಿಗೆ ಮೆಸೇಜು ಬಂದಿತ್ತು. ‘ನಿಮ್ಮ ನಂಬರಿಗೆ 25 ಲಕ್ಷ ಬಹುಮಾನ’ ಅಂತ. ಆ ತಾಯಿ ಯಾವ ಸ್ಪರ್ಧೆಗೂ ಹೆಸರು ಕೊಟ್ಟವರಲ್ಲ. ಫೋನ್ ಮಾಡಿದರೆ ಒಬ್ಬ ಬಹಳ ಮರ್ಯಾದೆಯಿಂದ ಮಾತಾಡಿದ. ಪ್ರೊಸೆಸಿಂಗ್ ಫೀ 8,500 ಕಟ್ಟಿ, ಸಂಜೆಯೊಳಗೆ ಚೆಕ್ ರೆಡಿ ಎಂದ. ಕಟ್ಟಿದರು. ಮರುದಿನ ಜಿಎಸ್‌ಟಿ ಅಂತ 25,000. ಓಲೆ ಅಡವಿಟ್ಟು ಅದನ್ನೂ ಕಳಿಸಿದರು. ಮೂರನೇ ಸಲ 40,000 ಕೇಳಿದಾಗ ಮಗಳಿಗೆ ಅನುಮಾನ ಬಂತು.

‘25 ಲಕ್ಷದಲ್ಲೇ ಫೀ ಹಿಡ್ಕೊಳ್ಳಿ ಅಂತ ಕೇಳಲಿಲ್ವಾ?’ ಎಂದೆ. ಕೇಳಿದ್ದರಂತೆ. ‘ಚೆಕ್ ಮುರಿಯೋಕೆ ಬರಲ್ಲ, ರೂಲ್ಸ್ ಇಲ್ಲ’ ಎಂದನಂತೆ. ಬಹುಮಾನ ಅನ್ನೋದೇ ಇಲ್ಲದಿರುವಾಗ ಎಲ್ಲಿಂದ ಹಿಡಿದುಕೊಳ್ಳುತ್ತಾನೆ? ಅವನಿಗೆ ಬೇಕಾದದ್ದು ಆ ಫೀ ಮಾತ್ರ. 25 ಲಕ್ಷದ ಮುಂದೆ 8,500 ಸಣ್ಣದಾಗಿ ಕಾಣುವಂತೆ ಲೆಕ್ಕ ಹಾಕಿರುತ್ತಾರೆ. ಒಮ್ಮೆ ಕಟ್ಟಿದವರು ನಂಬಿದ್ದಾರೆ ಅಂತ ಅವರಿಗೆ ಗೊತ್ತಾಗುತ್ತದೆ. ಆಮೇಲೆ ಕಟ್ಟಿದ್ದು ಹೋಗದಿರಲಿ ಅಂತ ನಾವೇ ಮತ್ತೆ ಕಟ್ಟುತ್ತೇವೆ. ಆ ತಾಯಿಯೂ ಎರಡನೇ ಸಲ ಹಾಗೆಯೇ ಕಟ್ಟಿದ್ದು.

ನಿಜವಾದ ನಗದು ಬಹುಮಾನ ಹತ್ತು ಸಾವಿರ ದಾಟಿದರೆ, ಕೊಡುವವರೇ ಶೇಕಡಾ 30 ತೆರಿಗೆ ಹಿಡಿದು ಉಳಿದದ್ದನ್ನು ಕೊಡಬೇಕು. 25 ಲಕ್ಷ ಗೆದ್ದವರಿಗೆ ಏಳೂವರೆ ಲಕ್ಷ ಕಳೆದು ಹದಿನೇಳೂವರೆ ಲಕ್ಷ ಕೈಗೆ ಬರುತ್ತದೆ. ಕಾರಿನಂಥ ವಸ್ತು ಗೆದ್ದರೆ ಮೊದಲೇ ತೆರಿಗೆ ಕಟ್ಟಬೇಕಾಗಬಹುದು, ನಿಜ. ಆದರೆ ಅದು ಸರ್ಕಾರಕ್ಕೆ ಹೋಗುತ್ತದೆ, ಯಾರದೋ ಫೋನ್ ನಂಬರಿಗಲ್ಲ. ಯುಪಿಐನಲ್ಲಿ ಹಣ ಕಳಿಸುವ ಮುಂಚೆ ಪಡೆಯುವವರ ಹೆಸರು ಕಾಣಿಸುತ್ತದೆ, ಅಲ್ವಾ? ಈ ತಾಯಿಯ ಫೋನಿನಲ್ಲಿ ಎರಡು ಸಲವೂ ಬೇರೆ ಬೇರೆ ಆಸಾಮಿಗಳ ಹೆಸರಿತ್ತು. ಕಂಪನಿಯ ಹೆಸರು ಎಲ್ಲೂ ಇರಲಿಲ್ಲ.

ನಾವು ತಕ್ಷಣ ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, cybercrime.gov.in ನಲ್ಲಿ ದೂರು ಕೊಟ್ಟೆವು. ಹಣ ಖಾತೆಯಿಂದ ಖಾತೆಗೆ ಬೇಗ ಸಾಗುತ್ತದೆ. ಇನ್ನೂ ತೆಗೆಯದೆ ಉಳಿದದ್ದನ್ನು ಮಾತ್ರ ತಡೆಹಿಡಿಯಲು ಆಗುತ್ತದೆ. ಮೊದಲ ಕಂತು ಆಗಲೇ ಹೋಗಿತ್ತು, ಎರಡನೆಯದರಲ್ಲಿ ಸ್ವಲ್ಪ ಸಿಕ್ಕಿತು. ಹಾಗಾಗಿ ನಾಚಿಕೊಂಡು ಒಂದು ದಿನವೂ ಸುಮ್ನೆ ಕೂರಬೇಡಿ. ‘ಕಳೆದ ಹಣ ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಫೀ ಕೊಡಿ’ ಅಂತ ಇನ್ನೊಬ್ಬ ಫೋನ್ ಮಾಡಬಹುದು. ಅವನಿಗೂ ಕೊಡಬೇಡಿ.

ಮಕ್ಕಳು ಇಂಥ ಮೆಸೇಜು ತೋರಿಸಿದರೆ ಗದರಬೇಡಿ. ಹೆದರಿದ ಮಗು ಮುಂದಿನ ಸಲ ತೋರಿಸುವುದಿಲ್ಲ. ಅನುಮಾನದ ಮೆಸೇಜು ಇದ್ದರೆ ಅಳಿಸದೆ ತನ್ನಿ. ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಕೋಣೆಯಲ್ಲೇ ಇರುತ್ತೇನೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ