ಜೂಮ್ ಅಳತೆ ಇನ್ನು ಮುಂದೆ ಉಪಕರಣದಲ್ಲೇ: ಏನು ಬದಲಾಗಿದೆ, ಏನು ಬದಲಾಗಿಲ್ಲ

ಆತ್ಮೀಯ ಗ್ರಾಹಕರೇ,

ನಮಸ್ಕಾರ.

ನಮ್ಮ ಕೈ ಅಳತೆ ಉಪಕರಣದ ಹೊಸ ಸಾಫ್ಟ್‌ವೇರ್ ಈ ಪತ್ರದ ಜೊತೆಗೇ ನಿಮಗೆ ಸಿಗುತ್ತಿದೆ. ಇದರಲ್ಲಿ ಒಂದು ದೊಡ್ಡ ಬದಲಾವಣೆ ಇದೆ. ಮೋಟರ್ ಕರೆಂಟ್‌ನ ರೋಟರ್ ಬಾರ್ ಪರೀಕ್ಷೆಗೆ ಇಲ್ಲಿಯವರೆಗೆ ದಾಖಲೆಯನ್ನು ಕಂಪ್ಯೂಟರ್‌ಗೆ ಹಾಕಿ, 5,24,288 ಸ್ಯಾಂಪಲ್‌ಗಳ ದೊಡ್ಡ ಎಫ್‌ಎಫ್‌ಟಿ ಮಾಡಬೇಕಿತ್ತು. ಇನ್ನು ಮುಂದೆ ಅದೇ ಫಲಿತಾಂಶ ಉಪಕರಣದ ಪರದೆಯ ಮೇಲೇ ಬರುತ್ತದೆ, ಅದೂ ಬರೀ 1,024 ಬಿಂದುಗಳ ಎಫ್‌ಎಫ್‌ಟಿಯಿಂದ.

"ಚಿಕ್ಕ ಎಫ್‌ಎಫ್‌ಟಿ ಅಂದರೆ ವಿವರ ಕಡಿಮೆ ಆಗುವುದಿಲ್ವಾ?" ಎಂದು ಹೊಸ ಸಾಫ್ಟ್‌ವೇರನ್ನು ಮೊದಲು ಬಳಸಿದ ಕೆಲವರು ಕೇಳಿದರು. ಸರಿಯಾದ ಪ್ರಶ್ನೆ. ಆಗುವುದಿಲ್ಲ. ಯಾಕೆ ಅನ್ನುವುದನ್ನು ಒಂದು ಮೋಟರ್ ಇಟ್ಟುಕೊಂಡು ಹೇಳುತ್ತೇವೆ.

ನಾಲ್ಕು ಪೋಲ್‌ನ, 50 ಹರ್ಟ್ಸ್ ಲೈನ್‌ನಲ್ಲಿ ಓಡುವ ಇಂಡಕ್ಷನ್ ಮೋಟರ್ ತೆಗೆದುಕೊಳ್ಳಿ. ಅದರ ಸಿಂಕ್ರೊನಸ್ ವೇಗ 1500 ಆರ್‌ಪಿಎಂ. ಲೋಡ್ ಮೇಲೆ ಅದು 1485ರಲ್ಲಿ ಓಡುತ್ತಿದೆ, ಅಂದರೆ ಸ್ಲಿಪ್ 1 ಶೇಕಡ. ರೋಟರ್ ಬಾರ್ ಬಿರುಕು ಬಿಟ್ಟಿದ್ದರೆ ಕರೆಂಟ್‌ನಲ್ಲಿ 50 ಹರ್ಟ್ಸ್‌ನ ಎರಡೂ ಬದಿಯಲ್ಲಿ, ಸ್ಲಿಪ್‌ನ ಎರಡರಷ್ಟು ದೂರದಲ್ಲಿ, ಸೈಡ್‌ಬ್ಯಾಂಡ್ ಏಳುತ್ತದೆ. ಇಲ್ಲಿ ಅದು 49 ಮತ್ತು 51 ಹರ್ಟ್ಸ್. ಎತ್ತರ ಮಾತ್ರ ತೀರಾ ಕಡಿಮೆ. ಮುಖ್ಯ ಶಿಖರಕ್ಕಿಂತ 40 ಡೆಸಿಬೆಲ್‌ನಷ್ಟು ಕೆಳಗಿದ್ದರೂ ಅದು ಚಿಂತಿಸಬೇಕಾದ ವಿಷಯವೇ. 40 ಡೆಸಿಬೆಲ್ ಅಂದರೆ ನೂರರಲ್ಲಿ ಒಂದು ಪಾಲು.

ಒಂದು ಸೆಕೆಂಡ್ ಮಾತ್ರ ದಾಖಲಿಸಿದರೆ ಎಫ್‌ಎಫ್‌ಟಿಯ ಗೆರೆಗಳು 1 ಹರ್ಟ್ಸ್ ದೂರದಲ್ಲಿ ಬೀಳುತ್ತವೆ. ಹ್ಯಾನಿಂಗ್ ವಿಂಡೋ ಹಾಕಿದಾಗ ಮುಖ್ಯ ಶಿಖರದ ಬುಡ ಎರಡೂ ಕಡೆ ಎರಡೆರಡು ಗೆರೆಯಷ್ಟು ಹರಡುತ್ತದೆ. ಅಂದರೆ 48ರಿಂದ 52ರವರೆಗೂ ಅದೇ ತುಂಬಿಕೊಳ್ಳುತ್ತದೆ. 49 ಮತ್ತು 51 ಅದರೊಳಗೇ ಮುಳುಗಿಹೋಗುತ್ತವೆ. ಅದಕ್ಕೇ ನಾವು 20.48 ಸೆಕೆಂಡ್ ದಾಖಲಿಸುತ್ತೇವೆ. ಆಗ ಗೆರೆಗಳ ಅಂತರ ಸುಮಾರು 0.049 ಹರ್ಟ್ಸ್. ಬುಡ ಬರೀ 0.1 ಹರ್ಟ್ಸ್ ಹರಡುತ್ತದೆ, ಸೈಡ್‌ಬ್ಯಾಂಡ್ ಇಪ್ಪತ್ತು ಗೆರೆ ಆಚೆ ಬೇರೆಯಾಗಿ ನಿಲ್ಲುತ್ತದೆ.

ಉಪಕರಣ ಸೆಕೆಂಡಿಗೆ 25,600 ಸ್ಯಾಂಪಲ್ ತೆಗೆಯುತ್ತದೆ. 20.48 ಸೆಕೆಂಡಿಗೆ 5,24,288 ಆಯಿತು. ಅಷ್ಟನ್ನೂ ಒಂದೇ ಎಫ್‌ಎಫ್‌ಟಿಗೆ ಹಾಕಲು ಕಾಂಪ್ಲೆಕ್ಸ್ ಸಂಖ್ಯೆಗಳಿಗೇ 4 ಎಂಬಿ ಜಾಗ ಬೇಕು. ಉಪಕರಣದ ಕೆಲಸದ ಮೆಮೊರಿ ಇರುವುದು ಅರ್ಧ ಎಂಬಿ. ಇಷ್ಟಕ್ಕೂ ಆ ದೊಡ್ಡ ಲೆಕ್ಕದಿಂದ ಸೊನ್ನೆಯಿಂದ 12,800 ಹರ್ಟ್ಸ್‌ವರೆಗೆ 2,62,144 ಗೆರೆ ಬರುತ್ತವೆ. ನಾವು ನೋಡುವುದು 30ರಿಂದ 70 ಹರ್ಟ್ಸ್ ನಡುವಿನ ಎಂಟುನೂರು ಚಿಲ್ಲರೆ ಗೆರೆ ಮಾತ್ರ. ಉಳಿದದ್ದೆಲ್ಲ ಸುಮ್ನೆ ಲೆಕ್ಕ ಹಾಕಿ ಎಸೆಯುವುದು.

ಜೂಮ್ ಎಂಬ ಹೊಸ ವಿಧಾನದಲ್ಲಿ ಮೊದಲು ಆ ಚಿಕ್ಕ ಪಟ್ಟಿಯನ್ನೇ ಸೊನ್ನೆಯ ಹತ್ತಿರಕ್ಕೆ ಎಳೆದುಕೊಳ್ಳುತ್ತೇವೆ. ಬರುವ ಪ್ರತಿ ಸ್ಯಾಂಪಲನ್ನೂ ತಿರುಗುವ ಒಂದು ಕಾಂಪ್ಲೆಕ್ಸ್ ಸಂಖ್ಯೆಯಿಂದ ಗುಣಿಸುತ್ತೇವೆ:

```
z[n] = 2 · x[n] · e^(−j·2π·50·n/25600)
```

ಇದರಿಂದ 50 ಹರ್ಟ್ಸ್ ಸೊನ್ನೆಗೆ ಬರುತ್ತದೆ. 51 ಹರ್ಟ್ಸ್ +1ಕ್ಕೆ, 49 ಹರ್ಟ್ಸ್ −1ಕ್ಕೆ. ಬರೀ ಕೊಸೈನ್‌ನಿಂದ ಗುಣಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಕೊಸೈನ್‌ನಲ್ಲಿ ಪ್ಲಸ್ ಮೈನಸ್ ವ್ಯತ್ಯಾಸ ಉಳಿಯುವುದಿಲ್ಲ. 49 ಮತ್ತು 51 ಎರಡೂ 1 ಹರ್ಟ್ಸ್‌ನಲ್ಲೇ ಬಂದು ಕೂರುತ್ತವೆ, ಎಡದ್ದು ಯಾವುದು ಬಲದ್ದು ಯಾವುದು ಗೊತ್ತಾಗುವುದಿಲ್ಲ. ಸೈನ್ ಭಾಗವನ್ನೂ ಜೊತೆಗಿಟ್ಟುಕೊಂಡರೆ ಮಾತ್ರ ಅವು ಬೇರೆ ಬೇರೆ ಉಳಿಯುತ್ತವೆ. ಸೂತ್ರದಲ್ಲಿರುವ 2 ಎತ್ತರ ಸರಿಮಾಡಲು. ನಿಜವಾದ ಸಿಗ್ನಲ್‌ನ ಅರ್ಧ ಪಾಲು ಮೈನಸ್ ಫ್ರೀಕ್ವೆನ್ಸಿಯ ಕಡೆ ಇರುತ್ತದೆ, ಅದನ್ನು ನಾವು ಮುಂದೆ ಬಿಟ್ಟುಬಿಡುತ್ತೇವೆ.

ಈಗ ಬೇಕಾದದ್ದೆಲ್ಲ −20ರಿಂದ +20 ಹರ್ಟ್ಸ್ ಒಳಗಿದೆ. ಹಾಗಾಗಿ ಸೆಕೆಂಡಿಗೆ 25,600 ಸ್ಯಾಂಪಲ್ ಇಟ್ಟುಕೊಳ್ಳುವ ಅಗತ್ಯವೇ ಇಲ್ಲ, 50 ಸಾಕು. ಪ್ರತಿ 512ರಲ್ಲಿ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತೇವೆ. ಇದೇ ಡೆಸಿಮೇಷನ್. 20.48 ಸೆಕೆಂಡಿಗೆ 1,024 ಸ್ಯಾಂಪಲ್ ಉಳಿಯುತ್ತದೆ, 8 ಕೆಬಿಯಲ್ಲಿ ಹಿಡಿಸುತ್ತದೆ. ಅದರ ಎಫ್‌ಎಫ್‌ಟಿಯ ಗೆರೆ ಅಂತರ 50/1024. ಹಳೆಯದರಲ್ಲಿ 25600/524288. ಎರಡನ್ನೂ ಭಾಗಿಸಿ ನೋಡಿ, ಒಂದೇ ಸಂಖ್ಯೆ.

ಆದರೆ ಬಿಡುವ ಮುಂಚೆ ಫಿಲ್ಟರ್ ಹಾಕಲೇಬೇಕು. ನಮ್ಮ ಕೆಲಸ ಜಾಸ್ತಿ ಹೋಗಿದ್ದು ಇಲ್ಲೇ. ಸ್ಯಾಂಪಲ್ ವೇಗ 50ಕ್ಕೆ ಇಳಿದ ಮೇಲೆ, 50 ಹರ್ಟ್ಸ್ ಅಂತರದಲ್ಲಿರುವ ಎಲ್ಲವೂ ಒಂದೇ ಜಾಗಕ್ಕೆ ಮಡಚಿಕೊಳ್ಳುತ್ತವೆ. ನಮ್ಮ ಮೋಟರ್ ಸೆಕೆಂಡಿಗೆ 24.75 ಸುತ್ತು ತಿರುಗುತ್ತದೆ. ಅದರ ನಾಲ್ಕರಷ್ಟು 99 ಹರ್ಟ್ಸ್. ಈ 99 ಹರ್ಟ್ಸ್ ಕ್ಲ್ಯಾಂಪ್‌ನ ಅಥವಾ ಕೇಬಲ್‌ನ ಅದುರುವಿಕೆಯಿಂದ ಸಿಗ್ನಲ್‌ನಲ್ಲಿ ಸ್ವಲ್ಪವೇ ಸೇರಿದ್ದರೂ, ಫಿಲ್ಟರ್ ದುರ್ಬಲವಾಗಿದ್ದರೆ ಅದು ನೇರವಾಗಿ 49ರ ಮೇಲೆ ಬಂದು ಕೂರುತ್ತದೆ. ಮೋಟರ್ ಚೆನ್ನಾಗಿದ್ದರೂ ಬಾರ್ ಮುರಿದಂತೆ ಕಾಣುತ್ತದೆ. ಇನ್ನೂ ತೊಂದರೆ ಏನೆಂದರೆ, ಲೋಡ್ ಬದಲಾದರೂ ಈ ಸುಳ್ಳು ಶಿಖರ ನಿಜವಾದ ಸೈಡ್‌ಬ್ಯಾಂಡ್ ಜೊತೆಜೊತೆಗೇ ಜರುಗುತ್ತದೆ. 1494 ಆರ್‌ಪಿಎಂನಲ್ಲಿ ನಿಜವಾದದ್ದು 49.6ಕ್ಕೆ ಹೋಗುತ್ತದೆ. ಸುತ್ತಿನ ನಾಲ್ಕರಷ್ಟು 99.6 ಆಗಿ, ಅದೂ ಮಡಚಿ 49.6ಕ್ಕೇ ಬರುತ್ತದೆ. ಲೋಡ್ ಬದಲಿಸಿ ಇದನ್ನು ಹಿಡಿಯಲು ಆಗುವುದಿಲ್ಲ.

ಹಾಗಾಗಿ ನಾವು 20 ಹರ್ಟ್ಸ್‌ವರೆಗೆ ಸಪಾಟಾಗಿ ಬಿಟ್ಟು, 30 ಹರ್ಟ್ಸ್‌ನಿಂದ ಆಚೆಗೆ 80 ಡೆಸಿಬೆಲ್ ತಗ್ಗಿಸುವ ಫಿಲ್ಟರ್ ಇಟ್ಟಿದ್ದೇವೆ. ಇದನ್ನು 25,600ರ ವೇಗದಲ್ಲಿ ಒಂದೇ ಏಟಿಗೆ ಮಾಡಲು ಸುಮಾರು 13 ಸಾವಿರ ಗುಣಕಗಳ ಫಿಲ್ಟರ್ ಬೇಕಾಗುತ್ತದೆ. ಅದರ ಬದಲು 8, 8, 8 ಎಂದು ಮೂರು ಹಂತದಲ್ಲಿ ಇಳಿಸುತ್ತೇವೆ: 25,600ರಿಂದ 3,200, ಅಲ್ಲಿಂದ 400, ಅಲ್ಲಿಂದ 50. ಮೊದಲ ಎರಡು ಹಂತದಲ್ಲಿ ಫಿಲ್ಟರ್ ಒರಟಾಗಿದ್ದರೂ ನಡೆಯುತ್ತದೆ, ಯಾಕೆಂದರೆ ಕೊನೆಯ ಪಟ್ಟಿಯ ಮೇಲೆ ಮಡಚಿ ಬೀಳುವಂಥದ್ದು ಇನ್ನೂ ತುಂಬಾ ದೂರದಲ್ಲಿರುತ್ತದೆ. ಕಡಿದಾದ ಫಿಲ್ಟರ್ ಬೇಕಾಗುವುದು ಕೊನೆಯ ಹಂತಕ್ಕೆ ಮಾತ್ರ, ಆಗ ಸ್ಯಾಂಪಲ್ ವೇಗವೂ ಕಡಿಮೆ. ಮೂರೂ ಸೇರಿ 300 ಗುಣಕದ ಒಳಗೇ ಮುಗಿಯುತ್ತದೆ. ಉಪಕರಣದ ಚಿಕ್ಕ ಪ್ರೊಸೆಸರ್‌ಗೆ ಇದು ಭಾರವಲ್ಲ. ದಾಖಲೆ ನಡೆಯುತ್ತಿರುವಾಗಲೇ ಈ ಕೆಲಸವೂ ಜೊತೆಗೇ ಸಾಗುತ್ತದೆ.

ನೀವೇ ಪರೀಕ್ಷಿಸಬಹುದು. ಅನುಮಾನದ ಶಿಖರ ಕಂಡರೆ ಪಟ್ಟಿಯ ಅಗಲವನ್ನು ಬದಲಿಸಿ ನೋಡಿ. ಮೆನುವಿನಲ್ಲಿ 512 ಬದಲು 400ರ ಡೆಸಿಮೇಷನ್ ಆರಿಸಿದರೆ ಸ್ಯಾಂಪಲ್ ವೇಗ 64 ಆಗುತ್ತದೆ. ನಿಜವಾದ 49 ಹರ್ಟ್ಸ್ 49ರಲ್ಲೇ ಇರುತ್ತದೆ. 99ರಿಂದ ಮಡಚಿ ಬಂದದ್ದಾದರೆ 35ಕ್ಕೆ ಓಡಿಹೋಗುತ್ತದೆ. ಮಧ್ಯದ ಫ್ರೀಕ್ವೆನ್ಸಿಯನ್ನು 50ರಿಂದ 52ಕ್ಕೆ ಬದಲಿಸಿ ನೋಡಿದರೆ ಮಾತ್ರ ಏನೂ ತಿಳಿಯುವುದಿಲ್ಲ. ಆಗ ನಿಜದ್ದೂ ಸುಳ್ಳೂ ಎರಡೂ ಪರದೆಯಲ್ಲಿ ಇದ್ದ ಜಾಗದಲ್ಲೇ ಓದಿಸಿಕೊಳ್ಳುತ್ತವೆ. ಬದಲಿಸಬೇಕಾದದ್ದು ಅಗಲವನ್ನು, ಮಧ್ಯವನ್ನಲ್ಲ.

ಬದಲಾಗದ ಒಂದು ವಿಷಯ ಇದೆ, ಅದು ಸಮಯ. ಹೊಸ ವಿಧಾನದಲ್ಲಿ ಅಳತೆ ಬೇಗ ಮುಗಿಯುತ್ತದೆ ಎಂದು ದಯವಿಟ್ಟು ನಿರೀಕ್ಷಿಸಬೇಡಿ. 0.049 ಹರ್ಟ್ಸ್ ಬೇರ್ಪಡಿಸಬೇಕಾದರೆ 20.48 ಸೆಕೆಂಡ್ ಸಿಗ್ನಲ್ ಬೇಕೇ ಬೇಕು, ಯಾವ ಲೆಕ್ಕದಿಂದಲೂ ಅದನ್ನು ತಪ್ಪಿಸಲಾಗದು. ಫಿಲ್ಟರ್ ನೆಲೆಗೆ ಬರಲು ಇನ್ನೊಂದು ಅರ್ಧ ಸೆಕೆಂಡ್ ಸೇರುತ್ತದೆ, ಆ ಭಾಗವನ್ನು ಉಪಕರಣ ತಾನೇ ಬಿಟ್ಟುಬಿಡುತ್ತದೆ. ಎರಡು ಸೆಕೆಂಡಿನ ದಾಖಲೆಗೆ ಹಿಂದೆ ಸೊನ್ನೆಗಳನ್ನು ತುಂಬಿ ಉದ್ದ ಮಾಡಿದರೆ ಗೆರೆಗಳೇನೋ ಒತ್ತೊತ್ತಾಗಿ ಬರುತ್ತವೆ. ಆದರೆ ಒಂದಾಗಿ ಬೆರೆತ ಶಿಖರಗಳು ಬೇರೆಯಾಗುವುದಿಲ್ಲ, ಅದೇ ದಪ್ಪ ಶಿಖರ ನುಣುಪಾಗಿ ಕಾಣುತ್ತದೆ ಅಷ್ಟೇ. ಅಂಥ ಆಯ್ಕೆಯನ್ನು ನಾವು ಬೇಕೆಂದೇ ಕೊಟ್ಟಿಲ್ಲ.

ಆ ಇಪ್ಪತ್ತು ಸೆಕೆಂಡ್ ಲೋಡ್ ಸ್ಥಿರವಾಗಿರಬೇಕು. ನಡುವೆ ವೇಗ 3 ಆರ್‌ಪಿಎಂ ಜರುಗಿದರೂ ಸೈಡ್‌ಬ್ಯಾಂಡ್ 0.2 ಹರ್ಟ್ಸ್ ಜರುಗುತ್ತದೆ, ಅಂದರೆ ನಾಲ್ಕು ಗೆರೆ. ಆಗ ಶಿಖರ ಚೂಪಾಗಿರದೆ ಗುಡ್ಡೆಯಂತೆ ಅಗಲವಾಗಿ, ಎತ್ತರ ಕಳೆದುಕೊಂಡು ಕಾಣುತ್ತದೆ. ಮಧ್ಯದ 50 ಚೂಪಾಗಿದ್ದು ಪಕ್ಕದವು ಮಾತ್ರ ಹರಡಿದ್ದರೆ ಕಾರಣ ಲೋಡ್ ಎಂದು ತಿಳಿಯಿರಿ. ಲೋಡ್ ಸ್ಥಿರ ಮಾಡಲು ಆಗದ ಕಡೆ 512 ಬಿಂದು ಆರಿಸಿ, 10.24 ಸೆಕೆಂಡ್‌ನಲ್ಲಿ ಮುಗಿಸಿ. ಗೆರೆ ಅಂತರ ಎರಡರಷ್ಟಾಗುತ್ತದೆ. 1485ರ ಮೋಟರ್‌ಗೆ ಅದೂ ಸಾಕು. ಖಾಲಿ ಓಡುತ್ತಿರುವ ಮೋಟರ್ ಮೇಲೆ ಮಾತ್ರ ಈ ಪರೀಕ್ಷೆಯನ್ನು ನಂಬಬೇಡಿ. ರೋಟರ್‌ನಲ್ಲಿ ಕರೆಂಟೇ ಕಡಿಮೆ ಇರುವಾಗ ಮುರಿದ ಬಾರ್ ಕೂಡ ಮರೆಯಾಗಿರುತ್ತದೆ.

ಇನ್ನೊಂದು ವಿಷಯ. ಡೆಸಿಮೇಷನ್ ಆದ ಮೇಲೆ ಪಟ್ಟಿಯ ಹೊರಗಿನದ್ದು ಹೋಯಿತು, ಅದನ್ನು ಮತ್ತೆ ತರಲು ಬರುವುದಿಲ್ಲ. ಆಮೇಲೆ ಬೇರೆ ಫ್ರೀಕ್ವೆನ್ಸಿ ನೋಡಬೇಕು ಎನಿಸಿದರೆ ಮೂಲ ದಾಖಲೆಯೇ ಬೇಕು. ಅದಕ್ಕಾಗಿ ಉಪಕರಣ ಸ್ಯಾಂಪಲ್‌ಗಳನ್ನು ಬಂದಹಾಗೇ ಮೆಮೊರಿ ಕಾರ್ಡ್‌ಗೂ ಬರೆಯುತ್ತದೆ. "ಮೂಲ ದಾಖಲೆ ಉಳಿಸು" ಎಂಬ ಆಯ್ಕೆ ಮೊದಲಿನಿಂದಲೇ ಆನ್ ಇರುತ್ತದೆ, ಅದನ್ನು ಹಾಗೇ ಬಿಡಿ ಎಂದು ನಮ್ಮ ಸಲಹೆ.

ನಿಮ್ಮ ಹಳೆಯ ವರದಿಗಳ ಜೊತೆ ಹೋಲಿಕೆಗೆ ತೊಂದರೆ ಇಲ್ಲ. ವಿಂಡೋ ಅದೇ, ಸಮಯ ಅದೇ, ಗೆರೆಗಳ ಜಾಗವೂ ಅದೇ. 30ರಿಂದ 70 ಹರ್ಟ್ಸ್ ಒಳಗಿನ ಎತ್ತರಗಳನ್ನು ನೇರವಾಗಿ ಪಕ್ಕಪಕ್ಕ ಇಡಬಹುದು. ಅದರಾಚೆ ಫಿಲ್ಟರ್ ಇಳಿಯಲು ಶುರುವಾಗುವುದರಿಂದ ಆ ಅಂಚುಗಳನ್ನು ಪರದೆ ತೋರಿಸುವುದೇ ಇಲ್ಲ.

ಕಂಪ್ಯೂಟರ್‌ನ ಹಳೆಯ ಪ್ರೋಗ್ರಾಮ್ ಹಾಗೇ ಇರುತ್ತದೆ. ಮೊದಲ ಕೆಲವು ಮೋಟರ್‌ಗಳಿಗೆ ಒಂದೇ ದಾಖಲೆಯನ್ನು ಎರಡೂ ಕಡೆ ಓಡಿಸಿ ನೋಡಿ. ಸೈಡ್‌ಬ್ಯಾಂಡ್ ಎತ್ತರದಲ್ಲಿ ಅರ್ಧ ಡೆಸಿಬೆಲ್‌ಗಿಂತ ಜಾಸ್ತಿ ವ್ಯತ್ಯಾಸ ಕಂಡರೆ, ಮೂಲ ದಾಖಲೆಯನ್ನೂ ನೀವು ಇಟ್ಟಿದ್ದ ಮಧ್ಯ ಫ್ರೀಕ್ವೆನ್ಸಿ ಮತ್ತು ಅಗಲವನ್ನೂ ನಮಗೆ ಕಳಿಸಿಕೊಡಿ. ನಾವು ಎರಡೂ ಲೆಕ್ಕವನ್ನು ಇಲ್ಲಿ ಮತ್ತೆ ಮಾಡಿ, ಗೆರೆ ಗೆರೆ ಹೋಲಿಸಿ ನಿಮಗೆ ಬರೆಯುತ್ತೇವೆ.

ಇಂತಿ,
ಉಪಕರಣ ವಿಭಾಗದ ಎಲ್ಲರ ಪರವಾಗಿ