ಉಡುಗೊರೆ ನೀತಿಯ ಒಂದು ಪುಟದ ಹಾಳೆ: ಶಾಖಾ ವ್ಯವಸ್ಥಾಪಕರ ಗಮನಕ್ಕೆ

ಗುಂಪಿನ ಎಲ್ಲ ಶಾಖಾ ವ್ಯವಸ್ಥಾಪಕರಿಗೆ ನಮಸ್ಕಾರ.

ದೀಪಾವಳಿಗೆ ಮುಂಚೆ ಕೌಂಟರ್ ಮತ್ತು ಸಾಲ ವಸೂಲಿ ಸಿಬ್ಬಂದಿಗೆ ಕೊಡಬೇಕಾದ ‘ಮಾಡಿ–ಮಾಡಬೇಡಿ’ ಹಾಳೆಯ ಕರಡನ್ನು ಸಿದ್ಧಪಡಿಸುವಾಗ, ನೀತಿಸಂಹಿತೆಯ ವಾಕ್ಯಗಳನ್ನು ಮೊಟಕುಗೊಳಿಸುವ ಬದಲು, ಸಿಬ್ಬಂದಿ ನಿಜವಾಗಿ ಎದುರಿಸುವ ಸಂದರ್ಭದಿಂದ ಆರಂಭಿಸಬೇಕೆಂದು ಕೋರುತ್ತೇನೆ.

ಉದಾಹರಣೆಗೆ, ಗ್ರಾಹಕರು ಕೊಡುವ 500 ರೂಪಾಯಿಯೊಳಗಿನ ಉಡುಗೊರೆಗೆ ನಮ್ಮ ನೀತಿಯಲ್ಲಿ ಅನುಮತಿಯಿದೆ. ಆದರೆ ನಗದು ಮತ್ತು ಗಿಫ್ಟ್ ವೋಚರ್ ಎಷ್ಟೇ ಚಿಕ್ಕ ಮೊತ್ತದ್ದಾದರೂ ನಿಷಿದ್ಧ ಎಂಬುದು ವ್ಯಾಖ್ಯೆಗಳ ಭಾಗದಲ್ಲೂ, ಸಾಲದ ಅರ್ಜಿ ಪರಿಶೀಲನೆಯಲ್ಲಿರುವ ಗ್ರಾಹಕರಿಂದ ಏನನ್ನೂ ಪಡೆಯಕೂಡದು ಎಂಬುದು ಹಿತಾಸಕ್ತಿ ಸಂಘರ್ಷದ ಅಧ್ಯಾಯದಲ್ಲೂ ಇದೆ. ಮಿತಿಯನ್ನಷ್ಟೇ ಹಾಳೆಗೆ ಎತ್ತಿಕೊಂಡರೆ, 300 ರೂಪಾಯಿಯ ವೋಚರ್ ಆಗಲಿ, ಅರ್ಜಿ ಬಾಕಿಯಿರುವವರ ಸಿಹಿ ಡಬ್ಬವಾಗಲಿ ಸರಿಯೆಂದೇ ಸಿಬ್ಬಂದಿ ತಿಳಿಯುತ್ತಾರೆ. ಆದ್ದರಿಂದ ಸಾಲು ಹೀಗಿರಲಿ: “ಅರ್ಜಿ ಬಾಕಿಯಿರುವ ಗ್ರಾಹಕರು ಸಿಹಿ ಡಬ್ಬ ತಂದರೂ ವಿನಯದಿಂದ ಹಿಂದಿರುಗಿಸಿ, ಮನೆಗೆ ಕಳುಹಿಸಿದ್ದರೆ ಅಂದೇ ವ್ಯವಸ್ಥಾಪಕರಿಗೆ ತಿಳಿಸಿ, ಉಡುಗೊರೆ ವಹಿಯಲ್ಲಿ ಬರೆಸಿ.” ‘ಸೂಕ್ತ’, ‘ಸಾಧಾರಣ’ ಮುಂತಾದ ಪದಗಳು ಬೇಡ, ಎದುರಿಗೆ ಗ್ರಾಹಕರು ನಿಂತಿರುವಾಗ ಅವುಗಳಿಂದ ಉತ್ತರ ಸಿಗುವುದಿಲ್ಲ.

ಪ್ರತಿ ಸಾಲಿನ ಕೊನೆಯಲ್ಲಿ ಮೂಲ ಕಲಮಿನ ಸಂಖ್ಯೆಯನ್ನು ನಮೂದಿಸಿ, ಹಾಳೆಗೂ ಸಂಹಿತೆಗೂ ವ್ಯತ್ಯಾಸ ಕಂಡರೆ ಸಂಹಿತೆಯೇ ಅಂತಿಮ ಎಂದು ಅಡಿಯಲ್ಲಿ ಬರೆಯಿರಿ. ಕರಡನ್ನು ಪ್ರಧಾನ ಕಚೇರಿಗೆ ಕಳುಹಿಸುವ ಮುನ್ನ ಇಬ್ಬರು ಕ್ಯಾಷಿಯರ್‌ಗಳಿಗೆ ಓದಲು ಕೊಟ್ಟು, “ವರ್ಗಾವಣೆಯ ದಿನ ಗ್ರಾಹಕರು ಶಾಲು ಹೊದಿಸಿದರೆ ಏನು ಮಾಡುತ್ತೀರಿ?” ಎಂದು ಬೇರೆ ಬೇರೆಯಾಗಿ ಕೇಳಿ, ಇಬ್ಬರ ಉತ್ತರ ಹೊಂದದಿದ್ದರೆ ಆ ಸಾಲನ್ನು ತಿದ್ದಬೇಕು.