ತೊಟ್ಟಿಲು ಶಾಸ್ತ್ರ ಆಯಿತು, ಈಗ ಚಿಕ್ಕಮ್ಮನ ಋಣ

ನಿನ್ನೆ ದಾವಣಗೆರೆಯ ತವರುಮನೆಯಲ್ಲಿ ಮಗನನ್ನು ತೊಟ್ಟಿಲಿಗೆ ಹಾಕಿದೆವು. ಬಂದು ಹರಸಿದವರಿಗೆ, ಕೂಸು ಹಳದಿಯಾಗಿ ಆಸ್ಪತ್ರೆ ಸೇರಿದ ವಾರ ಫೋನ್ ಮಾಡಿ ವಿಚಾರಿಸಿದವರಿಗೆ, ರಾತ್ರಿ ಹನ್ನೊಂದಕ್ಕೆ ಕಾರು ತಂದ ಮಾವನಿಗೆ, ಆಸ್ಪತ್ರೆಗೆ ಬುತ್ತಿ ತಂದ ಅತ್ತಿಗೆಗೆ, ಎಲ್ಲರಿಗೂ ಧನ್ಯವಾದ. ಇನ್ನು ಉಳಿದದ್ದೆಲ್ಲ ಜಗಳೂರಿನ ಚಿಕ್ಕಮ್ಮನಿಗೆ.

ಹುಟ್ಟಿದ ಮೂರನೇ ದಿನ ಕೂಸಿನ ಮುಖ ಹಳದಿಯಾಯಿತು. ಎಳೆ ಬಿಸಿಲಿಗೆ ಹಿಡೀರಿ, ಹೋಗುತ್ತೆ ಅಂತ ಬಂದವರೆಲ್ಲ ಹೇಳಿದರು. ನಾವೂ ಹಿಡಿದೆವು. ಮೈತುಂಬ ಬಟ್ಟೆ ಸುತ್ತಿ, ಕಿಟಕಿಯ ಗಾಜಿನ ಹಿಂದೆ, ಹತ್ತು ನಿಮಿಷ. ನನ್ನ ಸಾರಿಗೆ ಅರಿಶಿನ ಹಾಕುವುದೂ ನಿಂತಿತು. ಪಾಪ, ಸಾರು ಏನು ಮಾಡಿತ್ತು!

ನಾಲ್ಕನೇ ದಿನ ಸಂಜೆ ಚಿಕ್ಕಮ್ಮ ಬಂದರು. ಬಣ್ಣದ ಸುದ್ದಿಯನ್ನೇ ಎತ್ತಲಿಲ್ಲ. "ನಿನ್ನೆ ಸಂಜೆಯಿಂದ ಎಷ್ಟು ಸಲ ಕುಡಿದ? ಎಷ್ಟು ಬಟ್ಟೆ ಒದ್ದೆ ಮಾಡಿದ?" ಅಂದರು. ಯಾರೂ ಎಣಿಸಿರಲಿಲ್ಲ. ನೆನಪು ಮಾಡಿಕೊಂಡು ನೋಡಿದರೆ ಐದು ಸಲ ಹಾಲು, ಮೂರು ಒದ್ದೆ ಬಟ್ಟೆ. ಮಲ ಇನ್ನೂ ಕಪ್ಪು ಹಸಿರು. ಹೊಟ್ಟೆಯ ಮೇಲೆ ಬೆರಳೊತ್ತಿ ಬಿಟ್ಟರು, ಒತ್ತಿದ ಜಾಗ ಹಳದಿ. ಮೊಣಕಾಲ ಕೆಳಗೆ ಒತ್ತಿದರು, ಅಲ್ಲೂ ಹಳದಿ. ಪಾದ ಕೆರೆದರೂ ಕೂಸು ಕಣ್ಣು ಬಿಡಲಿಲ್ಲ. "ನಮ್ಮದು ಒಳ್ಳೆ ಕೂಸು, ಅಳೋದೇ ಇಲ್ಲ" ಅಂತ ಬೆಳಿಗ್ಗೆಯಿಂದ ಹೆಮ್ಮೆಯಿಂದ ಹೇಳುತ್ತಿದ್ದವಳು ನಾನೇ. ಅದನ್ನು ಬರೆಯುವಾಗ ಈಗಲೂ ಕೈ ನಡುಗುತ್ತೆ.

"ಬೆಳಿಗ್ಗೆ ಹೋದರಾಯ್ತು" ಅಂದೆವು. ಚಿಕ್ಕಮ್ಮ ಕೇಳಲಿಲ್ಲ. ರಾತ್ರಿಯೇ ಆಸ್ಪತ್ರೆಗೆ ಹೊರಡಿಸಿದರು. ರಕ್ತ ಪರೀಕ್ಷೆಯಲ್ಲಿ ಹಳದಿ ಅಂಶ, ಅಂದರೆ ಬಿಲಿರುಬಿನ್, 18.6 ಬಂತು, ತೂಕ 2.9 ಕೆಜಿಯಿಂದ 2.6ಕ್ಕೆ ಇಳಿದಿತ್ತು. ನನ್ನದು ಓ ಪಾಸಿಟಿವ್, ಅವನದು ಬಿ ಪಾಸಿಟಿವ್. ನನ್ನ ರಕ್ತದಿಂದ ದಾಟಿದ ಅಂಶ ಅವನ ರಕ್ತಕಣಗಳನ್ನು ಒಡೆಯುತ್ತಿದೆ ಅಂತ ಇನ್ನೊಂದು ಪರೀಕ್ಷೆಯಿಂದ ಗೊತ್ತಾಯಿತು. ಅಂಕಿ ಒಂದನ್ನೇ ನೋಡಿ ನಿರ್ಧರಿಸಲ್ಲ, ಹುಟ್ಟಿ ಎಷ್ಟು ಗಂಟೆ ಆಯ್ತು, ಎಷ್ಟು ವಾರಕ್ಕೆ ಹುಟ್ಟಿದ್ದು ಅಂತ ಚಾರ್ಟಿನಲ್ಲಿ ಹಿಡಿದು ನೋಡುತ್ತೇವೆ ಅಂದರು ಡಾಕ್ಟರು. ಅವನನ್ನು ತಕ್ಷಣ ನೀಲಿ ಲೈಟಿನ ಕೆಳಗೆ ಮಲಗಿಸಿದರು.

ಹಳದಿ ಇಳಿಸೋ ಆ ನೀಲಿ ಬೆಳಕು ಬಿಸಿಲಲ್ಲೂ ಇರುತ್ತಂತೆ. ಆದರೆ ಅದು ಕೆಲಸ ಮಾಡಬೇಕಾದರೆ ಬರೀ ಮೈಗೆ ಗಂಟೆಗಟ್ಟಲೆ ಬೀಳಬೇಕು. ಹಾಗೆ ಬಿಸಿಲಲ್ಲಿಟ್ಟರೆ ಎಳೆ ಚರ್ಮ ಸುಡುತ್ತೆ, ನೀರಿನಂಶ ಇಳಿಯುತ್ತೆ. ಹಳದಿ ಹೊರಗೆ ಹೋಗೋದು ಹೆಚ್ಚಾಗಿ ಮಲದಲ್ಲಿ. ಹಾಲು ಕಡಿಮೆಯಾದರೆ ಮಲ ಕರುಳಲ್ಲೇ ಕೂತು, ಹಳದಿ ತಿರುಗಿ ರಕ್ತಕ್ಕೆ ಸೇರುತ್ತೆ. ಅದಕ್ಕೇ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಎದೆಹಾಲು, ಮಲಗಿದ್ದರೆ ಎಬ್ಬಿಸಿಯಾದರೂ. ಗ್ಲೂಕೋಸ್ ನೀರು ಬೇಡವೇ ಬೇಡ ಅಂದರು.

ಆ ರಾತ್ರಿ ನನಗೆ ಹಾಲು ಕುಡಿಸುವುದಿರಲಿ, ಕೂರುವುದಕ್ಕೂ ಆಗುತ್ತಿರಲಿಲ್ಲ. ಎರಡು ಗಂಟೆಗೊಮ್ಮೆ ಚಿಕ್ಕಮ್ಮ ಕೂಸನ್ನು ಎತ್ತಿ ನನ್ನ ಎದೆಗೆ ಹಿಡಿಸಿದರು. ಚೀಪುತ್ತಾ ಚೀಪುತ್ತಾ ನಿದ್ದೆಗೆ ಜಾರಿದರೆ ಬೆನ್ನು ತೀಡಿ ಎಚ್ಚರಿಸಿದರು. ಆಮೇಲೂ ಕುಡಿಯದಿದ್ದಾಗ ನನ್ನ ಹಾಲು ಹಿಂಡಿಸಿ, ಕುದಿಸಿ ಒರೆಸಿಟ್ಟ ಒಳಲೆಯಲ್ಲಿ ಹನಿಹನಿಯಾಗಿ ಹಾಕಿದರು. ಬೇಗ ತಿರುಗಿ ಲೈಟಿನ ಕೆಳಗೆ. ಕಣ್ಣಪಟ್ಟಿ ಮೂಗಿಗೆ ಜಾರಿದ್ದನ್ನು ಎರಡು ಸಲ ಮೊದಲು ಕಂಡವರೂ ಅವರೇ. ನಾನು "ನನ್ನ ರಕ್ತದಿಂದಲೇ ಹೀಗಾಯ್ತು" ಅಂತ ಅತ್ತಾಗ, "ರಕ್ತ ನೀನು ಆರಿಸಿಕೊಂಡದ್ದಾ? ಹಾಲು ಹಿಂಡು" ಅಂದರು, ಅಷ್ಟೇ.

ಎರಡು ದಿನಕ್ಕೆ ಬಿಲಿರುಬಿನ್ 11ಕ್ಕೆ ಇಳಿಯಿತು. ಲೈಟ್ ತೆಗೆದ ಮರುದಿನ, ತಿರುಗಿ ಏರಿದೆಯಾ ಅಂತ ಇನ್ನೊಮ್ಮೆ ರಕ್ತ ನೋಡಿ ಮನೆಗೆ ಕಳಿಸಿದರು.

ಮನೆಯಲ್ಲಿ ಎಳೆ ಕೂಸಿರುವ ಗೆಳತಿಯರಿಗೆ ಡಾಕ್ಟರ್ ಹೇಳಿದ್ದನ್ನೇ ಹೇಳುತ್ತೇನೆ. ಮೂರು, ನಾಲ್ಕನೇ ದಿನದ ಹಳದಿ ಬಹಳ ಕೂಸುಗಳಿಗೆ ಬಂದು ತಾನೇ ಹೋಗುತ್ತೆ. ಆದರೆ ಮೊದಲ ಇಪ್ಪತ್ನಾಲ್ಕು ಗಂಟೆಯಲ್ಲೇ ಕಂಡರೆ, ಕಾಲಿಗೆ ಇಳಿದರೆ, ಕೂಸು ಎಬ್ಬಿಸಿದರೂ ಕುಡಿಯದಿದ್ದರೆ ಅಂದೇ ಪರೀಕ್ಷೆ. ನಮ್ಮ ಮೈಬಣ್ಣದಲ್ಲಿ ಕಣ್ಣಳತೆ ನಂಬಬೇಡಿ. ಎರಡು ವಾರ ಕಳೆದರೂ ಹಳದಿ ಉಳಿದರೆ ಅಥವಾ ಮಲ ಸುಣ್ಣದಂತೆ ಬೆಳ್ಳಗಿದ್ದರೆ ಪಿತ್ತನಾಳದ ತೊಂದರೆ ಇರಬಹುದು, ಅದನ್ನು ಬೇರೆಯಾಗಿ ನೋಡಬೇಕು.

ಚಿಕ್ಕಮ್ಮ ಪ್ರತಿ ಸಲದ ಹಾಲನ್ನೂ ಔಷಧಿ ಕವರಿನ ಹಿಂದೆ ಬರೆದಿಟ್ಟಿದ್ದರು. ಅದು ನನ್ನ ಬೀರುವಿನಲ್ಲಿದೆ. ಎರಡನೇ ಬೆಳಗಿನ ಸಾಲು ಹೀಗಿದೆ: "5.40, ತಾನೇ ಎದ್ದು ಅತ್ತ. ಚೆನ್ನಾಗಿ ಕುಡಿದ. ಕಕ್ಕ ಹಳದಿ, ಬಟ್ಟೆ ತುಂಬ."